ಟೇಬಲ್‌ನಲ್ಲಿ 12.19, ಪ್ಯಾರಾದಲ್ಲಿ 12.91: ಫಲಿತಾಂಶದ ಪ್ಯಾರಾವನ್ನು ಟೇಬಲ್‌ಗೆ ಸರಿಹೊಂದಿಸುವ ಕೆಲಸ

ಸಂಶೋಧನಾ ಪ್ರಬಂಧದ ಫಲಿತಾಂಶ ಭಾಗದಲ್ಲಿ ಒಂದೇ ಸಂಖ್ಯೆ ಎರಡು ಕಡೆ ಬರುತ್ತದೆ. ಒಮ್ಮೆ ಟೇಬಲ್‌ನಲ್ಲಿ, ಇನ್ನೊಮ್ಮೆ ಅದನ್ನು ವಿವರಿಸುವ ಪ್ಯಾರಾದಲ್ಲಿ. ಎರಡನ್ನೂ ಸಾಮಾನ್ಯವಾಗಿ ಬೇರೆ ಬೇರೆ ದಿನ ಬರೆಯುತ್ತಾರೆ, ಕೆಲವೊಮ್ಮೆ ಬರೆಯುವವರೂ ಬೇರೆ. ಮಧ್ಯೆ ಡೇಟಾ ಸ್ವಲ್ಪ ಬದಲಾಗಿರುತ್ತದೆ, ಟೇಬಲ್ ಹೊಸದಾಗುತ್ತದೆ, ಪ್ಯಾರಾ ಹಳೆಯದೇ ಉಳಿಯುತ್ತದೆ. ಓದುವವರಿಗೆ ಎರಡು ಕಡೆ ಎರಡು ಸಂಖ್ಯೆ ಕಂಡಾಗ ಯಾವುದನ್ನು ನಂಬಬೇಕೆಂದು ಗೊತ್ತಾಗುವುದಿಲ್ಲ. ಒಂದು ತಪ್ಪು ಕಂಡ ಮೇಲೆ ಉಳಿದ ಸಂಖ್ಯೆಗಳ ಮೇಲೂ ಅನುಮಾನ ಬರುತ್ತದೆ, ಅದು ಸಹಜ ತಾನೇ.

ಪ್ಯಾರಾದಲ್ಲಿರುವ ಸಂಖ್ಯೆಯನ್ನು ಅಳಿಸಿ ಟೇಬಲ್‌ನದನ್ನು ಹಾಕಿದರೆ ಕೆಲಸ ಮುಗಿಯಿತು ಅಂತ ಅನ್ನಿಸಬಹುದು. ಆದರೆ ಟೇಬಲ್ಲೇ ತಪ್ಪಿದ್ದರೆ? ಸಂಖ್ಯೆ ಬದಲಾದ ಮೇಲೆ ಅದರ ಪಕ್ಕದ ಮಾತು ಹೊಂದದೆ ಹೋದರೆ? ಹಾಗಾಗಿ ಪ್ರತಿ ವ್ಯತ್ಯಾಸ ಎಲ್ಲಿಂದ ಬಂತು ಅಂತ ಪತ್ತೆ ಮಾಡಿ, ಆಮೇಲೆ ತಿದ್ದಬೇಕು. ಒಂದೇ ಒಂದು ಉದಾಹರಣೆ ಇಟ್ಟುಕೊಂಡು ಅದನ್ನು ಕೊನೆಯವರೆಗೆ ನೋಡೋಣ. ಇದು ವಿವರಣೆಗೆಂದೇ ನಾನು ಕಟ್ಟಿದ ಉದಾಹರಣೆ, ನಿಜವಾದ ಅಧ್ಯಯನ ಅಲ್ಲ. ಆದರೆ ಇದರಲ್ಲಿರುವ ತಪ್ಪುಗಳೆಲ್ಲ ನಿಜವಾದ ಪ್ರಬಂಧಗಳಲ್ಲಿ ಆಗುವಂಥವೇ.

ಅಧ್ಯಯನ ಇಷ್ಟು: ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿದ ಮೇಲೆ ತನಗೆ ತಾನೇ ಪ್ರಶ್ನೆ ಹಾಕಿಕೊಂಡು ಉತ್ತರಿಸಿತು. ಇಬ್ಬರಿಗೂ 20 ಅಂಕದ ಪರೀಕ್ಷೆ, ಕಲಿತ ಕೂಡಲೇ ಒಮ್ಮೆ, ಒಂದು ವಾರ ಬಿಟ್ಟು ಇನ್ನೊಮ್ಮೆ. ಅರ್ಧ ಅಂಕ ಇಲ್ಲ, ಎಲ್ಲ ಪೂರ್ಣ ಅಂಕಗಳೇ. ಈ ಕೊನೆಯ ವಿವರ ಆಮೇಲೆ ತುಂಬಾ ಉಪಯೋಗಕ್ಕೆ ಬರುತ್ತದೆ.

| ಪರೀಕ್ಷೆ | ಗುಂಪು | n | M | SD |
|---|---|---|---|---|
| ಕೂಡಲೇ | ಮರುಓದು | 41 | 14.05 | 3.41 |
| ಕೂಡಲೇ | ಸ್ವಯಂಪರೀಕ್ಷೆ | 43 | 14.63 | 3.30 |
| ವಾರದ ನಂತರ | ಮರುಓದು | 36 | 12.19 | 3.86 |
| ವಾರದ ನಂತರ | ಸ್ವಯಂಪರೀಕ್ಷೆ | 39 | 14.44 | 3.52 |

ಇಲ್ಲಿ n ಅಂದರೆ ಎಷ್ಟು ಜನರ ಅಂಕ ಲೆಕ್ಕಕ್ಕೆ ಬಂತು ಅನ್ನುವುದು, M ಸರಾಸರಿ, SD ಮಾನಕ ವಿಚಲನೆ, ಅಂದರೆ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವುದರ ಅಳತೆ. ಪ್ಯಾರಾದಲ್ಲಿ ಇನ್ನೂ ಮೂರು ಅಕ್ಷರ ಬರುತ್ತವೆ: t ಅಂದರೆ ಎರಡು ಸರಾಸರಿಗಳನ್ನು ಹೋಲಿಸುವ ಪರೀಕ್ಷೆಯ ಸಂಖ್ಯೆ, p ಅಂದರೆ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಂಭವ, d ಅಂದರೆ ವ್ಯತ್ಯಾಸವನ್ನು SD ಯಿಂದ ಭಾಗಿಸಿದಾಗ ಬರುವ ಅಳತೆ. ಈಗ ಇದರ ಕೆಳಗಿದ್ದ ಪ್ಯಾರಾ ನೋಡಿ:

> ಒಟ್ಟು 85 ಜನ ಭಾಗವಹಿಸಿದರು. ಕಲಿತ ಕೂಡಲೇ ನಡೆದ ಪರೀಕ್ಷೆಯಲ್ಲಿ ಸ್ವಯಂಪರೀಕ್ಷೆ ಗುಂಪಿನ ಸರಾಸರಿ 14.49 (SD = 3.3), ಮರುಓದಿನ ಗುಂಪಿನದು 14.05 (SD = 3.41). ಈ ವ್ಯತ್ಯಾಸ ಗಣನೀಯವಲ್ಲ, t(82) = 0.79, p = .431. ಒಂದು ವಾರದ ನಂತರ ಸ್ವಯಂಪರೀಕ್ಷೆ ಗುಂಪು (n = 43, M = 14.44, SD = 3.47) ಮರುಓದಿನ ಗುಂಪಿಗಿಂತ (n = 42, M = 12.91, SD = 0.64) ಸುಮಾರು 1.5 ಅಂಕ ಮುಂದಿತ್ತು, t(73) = 2.63, p = .010, d = 0.61.

ಒಮ್ಮೆ ಓದಿದರೆ ಏನೂ ಅನ್ನಿಸುವುದಿಲ್ಲ. ವಾಕ್ಯಗಳು ಸರಿಯಾಗಿವೆ, ಧಾಟಿ ಸರಿಯಾಗಿದೆ. ಅದಕ್ಕೇ ಮೊದಲ ಕೆಲಸವನ್ನು ಓದುತ್ತಾ ಮಾಡಬಾರದು. ಪ್ಯಾರಾದ ಪ್ರತಿ ಸಂಖ್ಯೆಗೂ ಗೆರೆ ಎಳೆಯಿರಿ, ಅದು ಟೇಬಲ್‌ನ ಯಾವ ಸಾಲಿನ ಯಾವ ಕಾಲಂನಿಂದ ಬಂದಿದೆ ಅಂತ ಪಕ್ಕದಲ್ಲಿ ಬರೆಯಿರಿ. ವಾಕ್ಯದ ಅರ್ಥದ ಕಡೆ ಹೋಗಬೇಡಿ. ಅರ್ಥ ಹಿಡಿದು ಓದುವಾಗ ಕಣ್ಣು 12.91 ಅನ್ನು 12.19 ಅಂತಲೇ ಓದಿಬಿಡುತ್ತದೆ. ಟೇಬಲ್‌ನಲ್ಲಿ ನೇರವಾಗಿ ಸಿಗದ ಸಂಖ್ಯೆಗಳೂ ಇರುತ್ತವೆ: 85, 1.5, t, p, d. ಅವಕ್ಕೆ ಬೇರೆ ಬಣ್ಣದ ಗುರುತು ಹಾಕಿ, ಅವುಗಳ ಸರದಿ ಆಮೇಲೆ.

ಹೀಗೆ ಗುರುತು ಹಾಕಿದರೆ ಹೊಂದದ ಜಾಗಗಳು ಎದ್ದು ಕಾಣುತ್ತವೆ. 14.49 ಇದೆ, ಟೇಬಲ್‌ನಲ್ಲಿ 14.63. 3.3 ಇದೆ, ಟೇಬಲ್‌ನಲ್ಲಿ 3.30. ವಾರದ ನಂತರದ ಎರಡೂ n ಬೇರೆ, ಎರಡೂ SD ಬೇರೆ, ಒಂದು ಸರಾಸರಿ ಬೇರೆ. ಈಗ ಒಂದೊಂದಾಗಿ ನೋಡೋಣ, ಯಾಕೆಂದರೆ ಒಂದೊಂದರ ಕಾರಣವೂ ಬೇರೆ.

ಮೊದಲು n. ಪ್ಯಾರಾ 43 ಮತ್ತು 42 ಅನ್ನುತ್ತದೆ, ಟೇಬಲ್ 39 ಮತ್ತು 36 ಅನ್ನುತ್ತದೆ. ಯಾವುದು ಸರಿ? ಟೇಬಲ್ ನೋಡದೆಯೂ ಇದಕ್ಕೆ ಉತ್ತರ ಪ್ಯಾರಾದ ಒಳಗೇ ಇದೆ. t ಪಕ್ಕದ ಕಂಸದಲ್ಲಿ 73 ಅಂತ ಇದೆಯಲ್ಲ, ಅದು ಡಿಗ್ರೀಸ್ ಆಫ್ ಫ್ರೀಡಂ. ಎರಡು ಬೇರೆ ಬೇರೆ ಗುಂಪುಗಳನ್ನು ಹೋಲಿಸುವ ಮಾಮೂಲಿ t ಪರೀಕ್ಷೆಯಲ್ಲಿ ಅದು ಎರಡೂ ಗುಂಪಿನ ಒಟ್ಟು ಜನರಲ್ಲಿ ಎರಡು ಕಳೆದರೆ ಬರುವ ಸಂಖ್ಯೆ. 43 ಮತ್ತು 42 ಸೇರಿದರೆ 85, ಎರಡು ಕಳೆದರೆ 83 ಬರಬೇಕಿತ್ತು. 73 ಬಂದಿದೆ ಅಂದರೆ ಲೆಕ್ಕಕ್ಕೆ ಬಂದವರು 75 ಜನ. 39 ಮತ್ತು 36 ಸೇರಿದರೆ ಸರಿಯಾಗಿ 75. ಅಂದರೆ ಟೇಬಲ್‌ನ n ಸರಿ, ಪ್ಯಾರಾದ n ತಪ್ಪು. ಒಂದು ಎಚ್ಚರಿಕೆ ಮಾತ್ರ ಬೇಕು: ಎರಡೂ ಗುಂಪಿನ ಹರಡುವಿಕೆ ಸಮ ಅಂತ ಊಹಿಸದ ವೆಲ್ಚ್ ಪರೀಕ್ಷೆ ಬಳಸಿದ್ದರೆ ಈ ಸಂಖ್ಯೆ ಸಾಮಾನ್ಯವಾಗಿ ದಶಮಾಂಶದಲ್ಲಿ ಬರುತ್ತದೆ, ಆಗ ಈ ನೇರ ಲೆಕ್ಕ ನಡೆಯುವುದಿಲ್ಲ.

43 ಮತ್ತು 42 ಎಲ್ಲಿಂದ ಬಂತು ಅಂದರೆ, ಅದು ಗುಂಪಿಗೆ ಸೇರಿದವರ ಸಂಖ್ಯೆ. ವಾರದ ನಂತರ ಹತ್ತು ಜನ ಬರಲಿಲ್ಲ. ಸೇರಿದವರು, ಪರೀಕ್ಷೆ ಬರೆದವರು, ಲೆಕ್ಕಕ್ಕೆ ಬಂದವರು, ಈ ಮೂರೂ ಬೇರೆ ಬೇರೆ ಸಂಖ್ಯೆಗಳಾಗಬಹುದು. ಪ್ಯಾರಾದಲ್ಲಿ ಸರಾಸರಿಯ ಪಕ್ಕ ಬರುವ n ಯಾವಾಗಲೂ ಆ ಸರಾಸರಿಯನ್ನು ಯಾರ ಅಂಕಗಳಿಂದ ತೆಗೆದರೋ ಅವರ ಸಂಖ್ಯೆಯೇ ಆಗಿರಬೇಕು. ಸಾಫ್ಟ್‌ವೇರ್ ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ. R ನ dplyr ಪ್ಯಾಕೇಜ್‌ನಲ್ಲಿ `n()` ಅಂದರೆ ಸಾಲುಗಳ ಎಣಿಕೆ, ಅಂಕ ಖಾಲಿ ಇರುವ ಸಾಲನ್ನೂ ಅದು ಎಣಿಸುತ್ತದೆ. ಆದರೆ `mean(score, na.rm = TRUE)` ಖಾಲಿಯನ್ನು ಬಿಟ್ಟು ಸರಾಸರಿ ತೆಗೆಯುತ್ತದೆ. ಹೀಗಾಗಿ 36 ಜನರ ಸರಾಸರಿ ಪಕ್ಕ 42 ಅನ್ನುವ ಎಣಿಕೆ ಬಂದು ಕೂರುತ್ತದೆ, ಯಾವ ಎಚ್ಚರಿಕೆ ಸಂದೇಶವೂ ಬರುವುದಿಲ್ಲ. ಸರಿಯಾದ ರೀತಿ ಹೀಗೆ:

```r
library(dplyr)
d |>
  group_by(test, grp) |>
  summarise(n = sum(!is.na(score)),
            m = mean(score, na.rm = TRUE),
            s = sd(score, na.rm = TRUE))
```

ಇನ್ನು 12.91. ಅಂಕಿ ಅದಲುಬದಲಾಗಿದೆ ಅನ್ನುವುದು ನೋಡಿದ ಕೂಡಲೇ ಅನ್ನಿಸುತ್ತದೆ. ಆದರೆ ಅದಲುಬದಲಾದದ್ದು ಪ್ಯಾರಾದಲ್ಲೋ ಟೇಬಲ್‌ನಲ್ಲೋ? ಟೇಬಲನ್ನೂ ಯಾರೋ ಕೈಯಲ್ಲಿ ಟೈಪ್ ಮಾಡಿರಬಹುದು, ಅಲ್ವಾ? ಇಲ್ಲಿ ಪೂರ್ಣ ಅಂಕ ಅನ್ನುವ ವಿವರ ಕೆಲಸಕ್ಕೆ ಬರುತ್ತದೆ. ಎಲ್ಲರ ಅಂಕ ಪೂರ್ಣ ಸಂಖ್ಯೆ ಆದರೆ ಅವುಗಳ ಮೊತ್ತವೂ ಪೂರ್ಣ ಸಂಖ್ಯೆಯೇ. 36 ಜನರ ಸರಾಸರಿ 12.91 ಆಗಬೇಕಾದರೆ ಮೊತ್ತ 464.76 ರ ಆಸುಪಾಸಿನಲ್ಲಿರಬೇಕು. ಅದರ ಹತ್ತಿರದ ಪೂರ್ಣ ಸಂಖ್ಯೆಗಳು 464 ಮತ್ತು 465. 464 ಅನ್ನು 36 ರಿಂದ ಭಾಗಿಸಿದರೆ 12.89, 465 ಅನ್ನು ಭಾಗಿಸಿದರೆ 12.92. ಮಧ್ಯೆ ಬೇರೆ ಯಾವುದೂ ಇಲ್ಲ. ಅಂದರೆ 36 ಜನರ ಪೂರ್ಣ ಅಂಕಗಳಿಂದ 12.91 ಅನ್ನುವ ಸರಾಸರಿ ಬರಲು ಸಾಧ್ಯವೇ ಇಲ್ಲ. ಪ್ಯಾರಾದ 42 ಇಟ್ಟುಕೊಂಡು ಲೆಕ್ಕ ಹಾಕಿದರೂ ಅಷ್ಟೇ, 12.90 ಬರುತ್ತದೆ, ಇಲ್ಲವೇ 12.93. ಈಗ ಟೇಬಲ್‌ನ 12.19 ನೋಡಿ. ಮೊತ್ತ 439 ಆದರೆ 439 ಭಾಗಿಸು 36, ಅಂದರೆ 12.194. ಸರಿಹೋಯಿತು. ಡೇಟಾ ಫೈಲ್ ತೆರೆಯದೆಯೇ ಯಾವುದು ತಪ್ಪು ಅಂತ ಗೊತ್ತಾಯಿತು.

ಈ ಪರಿಶೀಲನೆಗೆ ಗ್ರಿಮ್ ಅಂತ ಹೆಸರು. ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ 2016 ರಲ್ಲಿ ಇದನ್ನು ಮುಂದಿಟ್ಟರು. ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು. ಆದರೆ ಇದರ ಮಿತಿ ತಿಳಿದಿರಬೇಕು. ಜನ 36 ಇದ್ದರೆ ಎರಡು ದಶಮಾಂಶದ ನೂರು ಸಂಖ್ಯೆಗಳಲ್ಲಿ 36 ಮಾತ್ರ ಸಾಧ್ಯ, ಹಾಗಾಗಿ ತಪ್ಪು ಸಂಖ್ಯೆ ಸಿಕ್ಕಿಬೀಳುವ ಸಂಭವ ಜಾಸ್ತಿ. ಜನ ಹೆಚ್ಚಾದಂತೆ ಬಲೆ ಸಡಿಲವಾಗುತ್ತದೆ, ನೂರು ಜನ ದಾಟಿದರೆ ಎರಡು ದಶಮಾಂಶದಲ್ಲಿ ಯಾವ ಸರಾಸರಿಯೂ ಸಾಧ್ಯವೇ, ಏನೂ ಸಿಗುವುದಿಲ್ಲ. ಎತ್ತರ, ತೂಕ, ಸಮಯದಂಥ ಅಳತೆಗಳಿಗೂ ಇದು ಸಾಮಾನ್ಯವಾಗಿ ನಡೆಯುವುದಿಲ್ಲ, ಅವು ಪೂರ್ಣ ಸಂಖ್ಯೆಯಲ್ಲಿ ನಿಲ್ಲುವುದಿಲ್ಲವಲ್ಲ. ಇನ್ನೊಂದು ಮಾತು, ಗ್ರಿಮ್ ದಾಟಿದ ಸಂಖ್ಯೆ ಸರಿ ಅಂತ ಅರ್ಥ ಅಲ್ಲ. ಸಾಧ್ಯ ಅಂತ ಅಷ್ಟೇ.

ಅದಕ್ಕೆ ಉದಾಹರಣೆ ಇದೇ ಪ್ಯಾರಾದಲ್ಲಿದೆ. ಕೂಡಲೇ ನಡೆದ ಪರೀಕ್ಷೆಯ 14.49 ತೆಗೆದುಕೊಳ್ಳಿ. 43 ಜನರ ಮೊತ್ತ 623 ಆದರೆ ಸರಾಸರಿ 14.488, ಅಂದರೆ 14.49. ಗ್ರಿಮ್ ಪ್ರಕಾರ ಏನೂ ತೊಂದರೆ ಇಲ್ಲ. ಟೇಬಲ್‌ನ 14.63 ಕೂಡ ದಾಟುತ್ತದೆ, ಅದರ ಮೊತ್ತ 629. ಅಂಕಿ ಅದಲುಬದಲಾದ ಹಾಗೂ ಕಾಣುವುದಿಲ್ಲ. ಇಂಥ ಕಡೆ ಹಳೆಯ ಔಟ್‌ಪುಟ್ ಫೈಲ್‌ಗಳನ್ನು ತೆರೆಯಲೇಬೇಕು. ತೆರೆದಾಗ ಸಿಕ್ಕಿದ್ದು ಇದು: ಮೊದಲು ಆ ಗುಂಪಿನಲ್ಲಿ 45 ಜನರಿದ್ದರು, ಮೊತ್ತ 652, ಸರಾಸರಿ 14.49. ಆಮೇಲೆ ನಿಯಮದ ಪ್ರಕಾರ ಇಬ್ಬರನ್ನು ಕೈಬಿಟ್ಟರು, ಅವರಿಬ್ಬರ ಅಂಕ ಸೇರಿ 23. ಮೊತ್ತ 629 ಕ್ಕೆ ಇಳಿಯಿತು, ಜನ 43 ಆದರು, ಸರಾಸರಿ 14.63 ಆಯಿತು. ಟೇಬಲ್ ಹೊಸದಾಯಿತು, SD ಮತ್ತು t ಹೊಸದಾದವು, ಸರಾಸರಿ ಒಂದು ಮಾತ್ರ ಪ್ಯಾರಾದಲ್ಲಿ ಹಳೆಯದೇ ಉಳಿಯಿತು. ಹಳೆಯ ರನ್‌ನಿಂದ ಉಳಿದ ಸಂಖ್ಯೆ ಎಲ್ಲಕ್ಕಿಂತ ಅಪಾಯದ್ದು ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ಅದು ಒಂದು ಕಾಲಕ್ಕೆ ಸರಿಯಾಗಿತ್ತು, ನೋಡಲು ಯಾವ ಕೋನದಿಂದಲೂ ತಪ್ಪು ಅನ್ನಿಸುವುದಿಲ್ಲ. ಪ್ಯಾರಾದಲ್ಲಿ ಇಂಥ ಒಂದು ಸಂಖ್ಯೆ ಸಿಕ್ಕರೆ ಉಳಿದದ್ದನ್ನು ಒಂದೊಂದೇ ತಿದ್ದುತ್ತಾ ಕೂರಬೇಡಿ. ಕೊನೆಯ ಡೇಟಾ ಫೈಲ್‌ನಿಂದ ಎಲ್ಲವನ್ನೂ ಹೊಸದಾಗಿ ಒಮ್ಮೆಗೇ ತೆಗೆಯಿರಿ.

ಈಗ ಮಾನಕ ವಿಚಲನೆ. ಮರುಓದಿನ ಗುಂಪಿಗೆ ಪ್ಯಾರಾ 0.64 ಅನ್ನುತ್ತದೆ. ಉಳಿದ ಎಲ್ಲ SD ಮೂರರ ಮೇಲಿರುವಾಗ ಇದೊಂದೇ ಯಾಕೆ ಇಷ್ಟು ಸಣ್ಣದು? 20 ಅಂಕದ ಪರೀಕ್ಷೆಯಲ್ಲಿ SD 0.64 ಅಂದರೆ ಹೆಚ್ಚುಕಡಿಮೆ ಎಲ್ಲರೂ ಒಂದೆರಡು ಅಂಕದ ಅಂತರದಲ್ಲೇ ಇದ್ದರು ಅಂತ ಆಗುತ್ತದೆ, ಅದು ನಂಬುವ ಮಾತಲ್ಲ. ಇದು ಸ್ಟ್ಯಾಂಡರ್ಡ್ ಎರರ್. ಮಾನಕ ವಿಚಲನೆಯನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಅದು ಬರುತ್ತದೆ. 36 ರ ವರ್ಗಮೂಲ 6, 3.86 ಭಾಗಿಸು 6 ಅಂದರೆ 0.643. ಸರಿಯಾಗಿ ಅದೇ. SPSS ನಲ್ಲಿ t ಪರೀಕ್ಷೆ ಮಾಡಿದರೆ ಬರುವ ಮೊದಲ ಟೇಬಲ್‌ನಲ್ಲಿ `Std. Deviation` ಮತ್ತು `Std. Error Mean` ಅಕ್ಕಪಕ್ಕದ ಕಾಲಂಗಳು. ಕಣ್ಣು ಒಂದು ಕಾಲಂ ಜಾರಿದರೆ ಸಾಕು. ಅನುಮಾನ ಬಂದಾಗ ಸಣ್ಣ ಸಂಖ್ಯೆಯನ್ನು n ನ ವರ್ಗಮೂಲದಿಂದ ಗುಣಿಸಿ ನೋಡಿ. ಟೇಬಲ್‌ನ SD ಹತ್ತಿರ ಬಂದರೆ ಕಾರಣ ಇದೇ. ಇಲ್ಲಿ 0.64 ಗುಣಿಸು 6 ಅಂದರೆ 3.84, ರೌಂಡ್ ಆಗಿರುವುದರಿಂದ 0.02 ರ ವ್ಯತ್ಯಾಸ ಅಷ್ಟೇ. ಗಮನಿಸಿ, ಇದೇ ಕಾರಣಕ್ಕೆ ಹೀಗೆ ಗುಣಿಸಿ ಬಂದ 3.84 ಅನ್ನು ಪ್ಯಾರಾದಲ್ಲಿ ಬರೆಯಬಾರದು. ಅದು ಪತ್ತೆಗೆ ಮಾತ್ರ. ಬರೆಯಬೇಕಾದದ್ದು ಡೇಟಾದಿಂದ ಬಂದ 3.86.

"12.19 ± 0.64" ಅಂತ ಬರೆಯುವ ರೂಢಿಯೂ ಇದೆ. ಈ ಚಿಹ್ನೆಯ ಮುಂದಿರುವುದು SD ಯೋ ಸ್ಟ್ಯಾಂಡರ್ಡ್ ಎರರೋ ಅಂತ ಓದುಗರಿಗೆ ಗೊತ್ತಾಗುವುದೇ ಇಲ್ಲ. ತಿದ್ದಿ ಬರೆಯುವಾಗ ಆ ಚಿಹ್ನೆ ತೆಗೆದು ಹೆಸರು ಹಾಕುವುದು ಒಳ್ಳೆಯದು.

ಸ್ವಯಂಪರೀಕ್ಷೆ ಗುಂಪಿನ SD ಕಥೆ ಬೇರೆ. ಪ್ಯಾರಾದಲ್ಲಿ 3.47, ಟೇಬಲ್‌ನಲ್ಲಿ 3.52. ತೀರಾ ಸಣ್ಣ ವ್ಯತ್ಯಾಸ, ರೌಂಡ್ ಮಾಡಿದ್ದರಿಂದ ಆಗಿರಬೇಕು ಅಂತ ಬಿಟ್ಟುಬಿಡುವವರೇ ಜಾಸ್ತಿ. ಆದರೆ ರೌಂಡ್ ಮಾಡುವುದರಿಂದ ಕೊನೆಯ ಅಂಕಿ ಒಂದು ಮೇಲೆ ಕೆಳಗೆ ಆಗಬಹುದೇ ಹೊರತು 0.05 ವ್ಯತ್ಯಾಸ ಬರುವುದಿಲ್ಲ. ಇಲ್ಲಿ ಸೂತ್ರವೇ ಬೇರೆ. ಮಾನಕ ವಿಚಲನೆ ತೆಗೆಯುವಾಗ ಭಾಗಿಸುವುದು n ನಿಂದಲೋ n − 1 ರಿಂದಲೋ ಅನ್ನುವುದರ ಮೇಲೆ ಎರಡು ಉತ್ತರ ಇವೆ. ಸ್ಯಾಂಪಲ್‌ನಿಂದ ದೊಡ್ಡ ಸಮೂಹದ ಬಗ್ಗೆ ಹೇಳುವಾಗ n − 1 ಬಳಸುತ್ತೇವೆ. ಎಕ್ಸೆಲ್‌ನ `STDEV.S` ಹಾಗೆ ಮಾಡುತ್ತದೆ, `STDEV.P` ಮಾಡುವುದಿಲ್ಲ. R ನ `sd` n − 1 ಬಳಸುತ್ತದೆ. ಪೈಥಾನ್‌ನಲ್ಲಿ ಮಾತ್ರ ಗಮನ ಬೇಕು: pandas ನ `.std()` n − 1 ಬಳಸುತ್ತದೆ, numpy ಯ `np.std()` ನೀವು ಬೇರೆ ಹೇಳದಿದ್ದರೆ n ಬಳಸುತ್ತದೆ. ಒಂದೇ ಡೇಟಾ, ಒಂದೇ ಕಂಪ್ಯೂಟರ್, ಎರಡು ಉತ್ತರ. ಪರೀಕ್ಷಿಸಲು 3.52 ಅನ್ನು 38/39 ರ ವರ್ಗಮೂಲದಿಂದ ಗುಣಿಸಿ, 3.47 ಬರುತ್ತದೆ. ಟೇಬಲ್ ಒಬ್ಬರು R ನಲ್ಲಿ ಮಾಡಿ, ಪ್ಯಾರಾಗೆ ಇನ್ನೊಬ್ಬರು numpy ಯಿಂದ ಸಂಖ್ಯೆ ತೆಗೆದಿದ್ದಾರೆ.

ರೌಂಡ್ ಮಾಡುವ ವಿಷಯಕ್ಕೆ ಬಂದರೆ, 3.3 ಮತ್ತು 3.30 ಒಂದೇ ಬೆಲೆ ಹೌದು, ಆದರೆ ಒಂದೇ ಹೇಳಿಕೆ ಅಲ್ಲ. 3.30 ಅಂದರೆ ಎರಡು ದಶಮಾಂಶದವರೆಗೆ ನೋಡಿದ್ದೇವೆ ಅಂತ. 3.3 ಅಂದರೆ 3.25 ರಿಂದ 3.35 ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸ್ಪ್ರೆಡ್‌ಶೀಟ್ ಕೊನೆಯ ಸೊನ್ನೆಯನ್ನು ತಾನಾಗಿಯೇ ನುಂಗುತ್ತದೆ, ಅಲ್ಲಿಂದ ಕಾಪಿ ಮಾಡಿದಾಗ ಸೊನ್ನೆ ಹೋಗಿರುತ್ತದೆ. R ನಲ್ಲಿ `round` ಬದಲು ಹೀಗೆ ಮಾಡಿದರೆ ಸೊನ್ನೆ ಉಳಿಯುತ್ತದೆ:

```r
sprintf("%.2f", 3.3)   # "3.30"
```

ಪ್ಯಾರಾದಲ್ಲಿ ಒಂದೇ ದಶಮಾಂಶ ಸಾಕು ಅನ್ನಿಸಿದರೆ ಟೇಬಲ್‌ನ ಸಂಖ್ಯೆಯನ್ನು ಮತ್ತೆ ರೌಂಡ್ ಮಾಡಬೇಡಿ. 12.3462 ಅನ್ನು ಎರಡು ದಶಮಾಂಶಕ್ಕೆ ಇಳಿಸಿದರೆ 12.35, ಅದನ್ನು ಮತ್ತೆ ಒಂದಕ್ಕೆ ಇಳಿಸಿದರೆ 12.4. ಮೂಲದಿಂದ ನೇರವಾಗಿ ಇಳಿಸಿದರೆ 12.3. ಎರಡು ಸಲ ರೌಂಡ್ ಮಾಡಿದ್ದರಿಂದ ಸಂಖ್ಯೆ ತಪ್ಪಾಯಿತು. ಇನ್ನೂ ಸೂಕ್ಷ್ಮವಾದ ಒಂದು ವಿಷಯ ಇದೆ. ಸರಿಯಾಗಿ ಮಧ್ಯದಲ್ಲಿ ನಿಲ್ಲುವ ಸಂಖ್ಯೆಯನ್ನು ಎಲ್ಲ ಸಾಫ್ಟ್‌ವೇರ್ ಒಂದೇ ಕಡೆಗೆ ತಳ್ಳುವುದಿಲ್ಲ. 0.125 ಅನ್ನು ಎರಡು ದಶಮಾಂಶಕ್ಕೆ ಇಳಿಸು ಅಂದರೆ ಎಕ್ಸೆಲ್ 0.13 ಕೊಡುತ್ತದೆ, R ಮತ್ತು ಪೈಥಾನ್ 0.12 ಕೊಡುತ್ತವೆ. ಹಾಗಾಗಿ ಟೇಬಲ್ ಮತ್ತು ಪ್ಯಾರಾ ಎರಡಕ್ಕೂ ಒಂದೇ ಕಡೆ ರೌಂಡ್ ಮಾಡಿದ ಸಂಖ್ಯೆಯನ್ನೇ ಬಳಸಿ. ನನ್ನ ಅಭಿಪ್ರಾಯ ಕೇಳಿದರೆ, ಟೇಬಲ್‌ನಲ್ಲಿ ಎಷ್ಟು ದಶಮಾಂಶ ಇದೆಯೋ ಪ್ಯಾರಾದಲ್ಲೂ ಅಷ್ಟೇ ಇರಲಿ.

ಈಗ ಬೇರೆ ಬಣ್ಣದ ಗುರುತು ಹಾಕಿದ್ದ ಸಂಖ್ಯೆಗಳಿಗೆ ಬರೋಣ. "ಸುಮಾರು 1.5 ಅಂಕ ಮುಂದಿತ್ತು" ಅನ್ನುವುದು ತಪ್ಪು ಸರಾಸರಿಯಿಂದ ಹುಟ್ಟಿದ ಮಾತು, 14.44 ರಲ್ಲಿ 12.91 ಕಳೆದಿದ್ದಾರೆ. ಸರಾಸರಿ ಒಂದನ್ನೇ ತಿದ್ದಿ ಇದನ್ನು ಹಾಗೇ ಬಿಟ್ಟರೆ ಹೊಸ ತಪ್ಪು ಹುಟ್ಟುತ್ತದೆ. ಟೇಬಲ್ ಪ್ರಕಾರ 14.44 ರಲ್ಲಿ 12.19 ಕಳೆದರೆ 2.25. ಆದರೆ ಸಾಫ್ಟ್‌ವೇರ್ 2.24 ಅನ್ನುತ್ತದೆ! ಯಾರೂ ತಪ್ಪು ಮಾಡಿಲ್ಲ. ರೌಂಡ್ ಮಾಡದ ಸರಾಸರಿಗಳು 14.4359 ಮತ್ತು 12.1944, ಅವುಗಳ ವ್ಯತ್ಯಾಸ 2.2415. ಅಂದರೆ 2.24 ಹೆಚ್ಚು ನಿಖರ, 2.25 ಓದುಗರು ಟೇಬಲ್ ನೋಡಿ ಕಳೆದಾಗ ಬರುವುದು. ಎರಡರಲ್ಲಿ ಯಾವುದು ಬರೆಯಬೇಕು? ನಾನು 2.24 ಬರೆದು, ವ್ಯತ್ಯಾಸವನ್ನು ರೌಂಡ್ ಮಾಡದ ಅಂಕಗಳಿಂದ ತೆಗೆದಿದ್ದೇವೆ ಅಂತ ಒಂದು ವಾಕ್ಯ ಸೇರಿಸುವುದನ್ನು ಇಷ್ಟಪಡುತ್ತೇನೆ. t ಮತ್ತು d ಕೂಡ ರೌಂಡ್ ಮಾಡದ ಸಂಖ್ಯೆಯಿಂದಲೇ ಬಂದಿರುತ್ತವಲ್ಲ, ಎಲ್ಲವೂ ಒಂದೇ ಮೂಲದ್ದಾಗಲಿ. ಆ ಒಂದು ವಾಕ್ಯ ಮಾತ್ರ ಬಿಡಬೇಡಿ, ಬಿಟ್ಟರೆ ಲೆಕ್ಕ ಹಾಕಿ ನೋಡುವ ಓದುಗರಿಗೆ ಅದು ಇನ್ನೊಂದು ತಪ್ಪಿನ ಹಾಗೆ ಕಾಣುತ್ತದೆ.

ಮುಂದೆ t ಮತ್ತು d. ಇವು ಟೇಬಲ್‌ಗೆ ಹೊಂದುತ್ತವೆಯೇ ಅಂತ ಟೇಬಲ್‌ನಿಂದಲೇ ಪರೀಕ್ಷಿಸಬಹುದು. ಎರಡು SD ಗಳನ್ನು ಜನರ ಸಂಖ್ಯೆಗೆ ತಕ್ಕಂತೆ ಒಂದು ಮಾಡಿದರೆ 3.69 ಬರುತ್ತದೆ. 2.24 ಭಾಗಿಸು 3.69 ಅಂದರೆ 0.61, ಅದೇ d. t ಲೆಕ್ಕ ಹಾಕಿದರೂ 2.63 ಬರುತ್ತದೆ. ಅಂದರೆ ಪ್ಯಾರಾದ t, p, d ಮೊದಲಿನಿಂದಲೂ ಸರಿಯಾಗಿಯೇ ಇದ್ದವು, ಸರಾಸರಿ, SD, n ಮಾತ್ರ ಕೆಟ್ಟಿದ್ದವು.

ಇಲ್ಲಿ ಒಂದು ಎಚ್ಚರಿಕೆಯ ವಿಷಯ ಇದೆ. ಪ್ಯಾರಾದ ತಪ್ಪು ಸಂಖ್ಯೆಗಳನ್ನೇ, ಅಂದರೆ 14.44, 12.91, 3.47, 0.64, 43, 42 ಇವನ್ನೇ ಇಟ್ಟುಕೊಂಡು d ಲೆಕ್ಕ ಹಾಕಿ ನೋಡಿ. ವ್ಯತ್ಯಾಸ 1.53, ಒಟ್ಟುಗೂಡಿಸಿದ SD 2.51, ಭಾಗಿಸಿದರೆ 0.61! ಸರಾಸರಿಯ ತಪ್ಪು ವ್ಯತ್ಯಾಸವನ್ನು ಕಡಿಮೆ ಮಾಡಿತು, SD ಯ ತಪ್ಪು ಭಾಜಕವನ್ನು ಕಡಿಮೆ ಮಾಡಿತು, ಎರಡೂ ಸೇರಿ ಒಂದನ್ನೊಂದು ಮುಚ್ಚಿಹಾಕಿದವು. d ಒಂದನ್ನೇ ನೋಡಿದವರು ಪ್ಯಾರಾ ಸರಿಯಾಗಿದೆ ಅಂತಲೇ ತೀರ್ಮಾನಿಸುತ್ತಾರೆ. t ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ, ಅದೇ ತಪ್ಪು ಸಂಖ್ಯೆಗಳಿಂದ t 2.81 ಬರುತ್ತದೆ, ಪ್ಯಾರಾದಲ್ಲಿ 2.63 ಇದೆ. ಒಂದು ಸಂಖ್ಯೆ ಹೊಂದಿತು ಅಂತ ಉಳಿದದ್ದನ್ನು ಬಿಡಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಸ್ಟ್ಯಾಟ್‌ಚೆಕ್ ಅನ್ನುವ ಒಂದು ಪ್ರೋಗ್ರಾಂ ಇದೆ. ಮಿಶೆಲ್ ನೌಟನ್ ಮತ್ತು ಅವರ ಜೊತೆಗಾರರು ಅದರಿಂದ ಮನೋವಿಜ್ಞಾನದ ಎಂಟು ಪತ್ರಿಕೆಗಳ 1985 ರಿಂದ 2013 ರವರೆಗಿನ ಲೇಖನಗಳನ್ನು ಪರಿಶೀಲಿಸಿ 2016 ರಲ್ಲಿ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಲೇಖನಗಳಲ್ಲಿ ಒಂದಾದರೂ p ಬೆಲೆ ತನ್ನ ಪಕ್ಕದ t ಯಂಥ ಪರೀಕ್ಷೆಯ ಸಂಖ್ಯೆಯ ಜೊತೆ ಹೊಂದುತ್ತಿರಲಿಲ್ಲ. ಉಪಯುಕ್ತ ಸಾಧನ, ಬಳಸಿ. ಆದರೆ ಅದು ನೋಡುವುದು ಪರೀಕ್ಷೆಯ ಸಂಖ್ಯೆ, ಡಿಗ್ರೀಸ್ ಆಫ್ ಫ್ರೀಡಂ, p ಈ ಮೂರರ ಹೊಂದಾಣಿಕೆ ಮಾತ್ರ. ನಮ್ಮ ಕೆಟ್ಟ ಪ್ಯಾರಾದಲ್ಲಿ t(73) = 2.63 ಮತ್ತು p = .010 ಪರಸ್ಪರ ಹೊಂದುತ್ತವೆ, ಹಾಗಾಗಿ ಅದರ ಕಣ್ಣಿಗೆ ಏನೂ ಬೀಳುವುದಿಲ್ಲ. ಸರಾಸರಿ, SD, n ಗಳನ್ನು ಟೇಬಲ್ ಜೊತೆ ಹೋಲಿಸುವ ಕೆಲಸ ನಮಗೇ ಉಳಿಯುತ್ತದೆ.

ಇಷ್ಟು ಗೊತ್ತಾದ ಮೇಲೆ ಪ್ಯಾರಾ ತಿದ್ದುವ ಬದಲು ಹೊಸದಾಗಿ ಬರೆಯುವುದೇ ಸುಲಭ. ಮೊದಲು ಯಾರು ಎಷ್ಟು ಜನ ಅಂತ ಹೇಳಿ, ಪ್ರತಿ ಸರಾಸರಿಯ ಪಕ್ಕದಲ್ಲೇ ಅದರ n ಮತ್ತು SD ಇಡಿ. ಎರಡೂ ಗುಂಪುಗಳಿಗೆ ಒಂದೇ ಕ್ರಮ ಇರಲಿ. ಟೇಬಲ್‌ನ ಕಾಲಂಗಳ ಕ್ರಮವನ್ನೇ ಹಿಡಿದರೆ ಆಮೇಲೆ ಹೋಲಿಸುವವರಿಗೆ ಕೆಲಸ ಅರ್ಧ ಆಗುತ್ತದೆ.

> ಮರುಓದಿನ ಗುಂಪಿನಲ್ಲಿ 42, ಸ್ವಯಂಪರೀಕ್ಷೆ ಗುಂಪಿನಲ್ಲಿ 43, ಒಟ್ಟು 85 ಜನರಿದ್ದರು. ಕಲಿತ ಕೂಡಲೇ ನಡೆದ ಪರೀಕ್ಷೆಯಲ್ಲಿ 84 ಜನರ ಅಂಕ ಲಭ್ಯವಿತ್ತು. ಸ್ವಯಂಪರೀಕ್ಷೆ ಗುಂಪಿನ (n = 43, M = 14.63, SD = 3.30) ಮತ್ತು ಮರುಓದಿನ ಗುಂಪಿನ (n = 41, M = 14.05, SD = 3.41) ನಡುವೆ 0.58 ಅಂಕದ ವ್ಯತ್ಯಾಸ ಇತ್ತು. ಇದು ಗಣನೀಯವಲ್ಲ, t(82) = 0.79, p = .431. ಒಂದು ವಾರದ ನಂತರದ ಪರೀಕ್ಷೆಗೆ 75 ಜನ ಬಂದರು. ಮರುಓದಿನ ಗುಂಪಿನ 6, ಸ್ವಯಂಪರೀಕ್ಷೆ ಗುಂಪಿನ 4 ಜನ ಬರಲಿಲ್ಲ. ಆಗ ಸ್ವಯಂಪರೀಕ್ಷೆ ಗುಂಪು (n = 39, M = 14.44, SD = 3.52) ಮರುಓದಿನ ಗುಂಪಿಗಿಂತ (n = 36, M = 12.19, SD = 3.86) 2.24 ಅಂಕ ಮುಂದಿತ್ತು, t(73) = 2.63, p = .010, d = 0.61. ವ್ಯತ್ಯಾಸಗಳನ್ನು ರೌಂಡ್ ಮಾಡದ ಅಂಕಗಳಿಂದ ಲೆಕ್ಕ ಹಾಕಲಾಗಿದೆ.

ಕೈಬಿಟ್ಟ ಇಬ್ಬರ ವಿಷಯ ಇಲ್ಲಿ ಇಲ್ಲ, ಅದು ವಿಧಾನ ಭಾಗಕ್ಕೆ ಸೇರಿದ್ದು. ಆದರೆ ಅಲ್ಲಿ ಮೊದಲಿದ್ದ 87 ರಿಂದ 85 ಹೇಗಾಯಿತು ಅಂತ ಸ್ಪಷ್ಟವಾಗಿ ಇರಲೇಬೇಕು. ಇಲ್ಲದಿದ್ದರೆ 85 ಅನ್ನುವುದು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಮತ್ತೆ ಏಳುತ್ತದೆ.

ಬರೆದಾದ ಮೇಲೆ ಹೋಲಿಕೆಯನ್ನು ಉಲ್ಟಾ ದಿಕ್ಕಿನಲ್ಲಿ ಮಾಡಿ. ಮೊದಲ ಸಲ ಪ್ಯಾರಾದಿಂದ ಟೇಬಲ್‌ಗೆ ಹೋಗಿದ್ದೆವು, ಈಗ ಟೇಬಲ್‌ನ ಪ್ರತಿ ಸಂಖ್ಯೆ ಹಿಡಿದು ಪ್ಯಾರಾದಲ್ಲಿ ಹುಡುಕಿ. ಹೀಗೆ ಮಾಡಿದಾಗ ಗುಂಪಿನ ಹೆಸರು ಅದಲುಬದಲಾಗಿದ್ದರೆ ಸಿಗುತ್ತದೆ, ಅಂದರೆ ಸಂಖ್ಯೆ ಸರಿ, ಸಾಲು ತಪ್ಪು. ಬೇರೆಯವರೊಬ್ಬರು ಟೇಬಲ್ ಗಟ್ಟಿಯಾಗಿ ಓದಿ ನೀವು ಪ್ಯಾರಾದಲ್ಲಿ ಗುರುತು ಹಾಕಿದರೆ ಇನ್ನೂ ಒಳ್ಳೆಯದು. "ಹನ್ನೆರಡು ಪಾಯಿಂಟ್ ಒಂದು ಒಂಬತ್ತು" ಅಂತ ಒಂದೊಂದೇ ಅಂಕಿ ಹೇಳಿದಾಗ ಅದಲುಬದಲು ಕಿವಿಗೆ ಬಿದ್ದೇ ಬೀಳುತ್ತದೆ.

ಕೊನೆಗೆ ಹಳೆಯ ಸಂಖ್ಯೆಗಳನ್ನು ಇಡೀ ಫೈಲ್‌ನಲ್ಲಿ ಹುಡುಕಿ: 12.91, 14.49, 0.64, 3.47, ಆಮೇಲೆ 1.5. ಫಲಿತಾಂಶದ ಪ್ಯಾರಾದಲ್ಲಿದ್ದ ಸಂಖ್ಯೆ ಸಾರಾಂಶದಲ್ಲೂ ಇರುತ್ತದೆ, ಚರ್ಚೆಯಲ್ಲೂ ಇರುತ್ತದೆ, ಚಿತ್ರದ ಕೆಳಗಿನ ಬರಹದಲ್ಲೂ ಇರುತ್ತದೆ. ಅಕ್ಷರದಲ್ಲಿ ಬರೆದ "ಒಂದೂವರೆ ಅಂಕ" ಹುಡುಕಾಟಕ್ಕೆ ಸಿಗುವುದಿಲ್ಲ, ಅದನ್ನು ಕಣ್ಣಲ್ಲೇ ನೋಡಬೇಕು. ಚರ್ಚೆ ಭಾಗದಲ್ಲಿ "ಸಣ್ಣ ಮುನ್ನಡೆ" ಅಂತ ಏನಾದರೂ ಇದ್ದರೆ, ಅದು 1.5 ನೋಡಿ ಬರೆದ ಮಾತೇ 2.24 ನೋಡಿ ಬರೆದ ಮಾತೇ ಅಂತ ಲೇಖಕರನ್ನೇ ಕೇಳಿ ತಿದ್ದಬೇಕಾಗುತ್ತದೆ.